ಓಬಿ ಪೇಪರ್‌ಗೆ ಇನ್ನು ನಾಲ್ಕೇ ದಿನ

ಎಲ್ಲರಿಗೂ ನಮಸ್ಕಾರ. ಸೋಮವಾರ ಆರ್ಗನೈಸೇಷನಲ್ ಬಿಹೇವಿಯರ್ ಪೇಪರ್ ಇಟ್ಟುಕೊಂಡು ಇನ್ನೂ ಜೆರಾಕ್ಸ್ ಅಂಗಡಿ ಮುಂದೆ ನಿಂತಿದ್ದೀರಂತೆ! ಇರೋ ನೋಟ್ಸೇ ಸಾಕು.

ಥಿಯರಿಗಳನ್ನು ಸುಮ್ನೆ ಉರು ಹೊಡೆಯಬೇಡಿ, ಜೋಡಿ ಮಾಡಿ ಓದಿ. ಮ್ಯಾಸ್ಲೋ ಪಕ್ಕ ಹರ್ಜ್‌ಬರ್ಗ್ ಇಡಿ. ನಮ್ಮ ಬಳ್ಳಾರಿಯ ಜೀನ್ಸ್ ಹೊಲಿಯುವ ಯೂನಿಟ್ ಒಂದನ್ನು ನೆನಪಿಸಿಕೊಳ್ಳಿ. ಈ ಬಿಸಿಲಲ್ಲಿ ಫ್ಯಾನ್ ಇಲ್ಲ ಅಂದ್ರೆ ಟೈಲರ್ ಗೊಣಗುತ್ತಾನೆ. ಫ್ಯಾನ್ ಹಾಕಿಸಿದರೆ ಗೊಣಗಾಟ ನಿಲ್ಲುತ್ತದೆ, ಆದರೆ ಹುರುಪೇನೂ ಬರುವುದಿಲ್ಲ. ಹರ್ಜ್‌ಬರ್ಗ್ ಪ್ರಕಾರ ಅದು ಹೈಜೀನ್ ಅಂಶ. 'ಈ ಲೈನ್ ಇನ್ನು ನೀನೇ ನೋಡಿಕೋ' ಅಂದಾಗ ಮುಖ ಅರಳುತ್ತದಲ್ವಾ, ಅದು ಮೋಟಿವೇಟರ್. ಮ್ಯಾಸ್ಲೋ ಪಿರಮಿಡ್ಡಲ್ಲಿ ಫ್ಯಾನ್ ಕೆಳಗೆ ಬರುತ್ತದೆ, ಜವಾಬ್ದಾರಿ ಮೇಲೆ. ಉತ್ತರದಲ್ಲಿ ಈ ಹೋಲಿಕೆ ಬರೆಯಿರಿ.

ವ್ರೂಮ್‌ನಲ್ಲಿ ಎಕ್ಸ್‌ಪೆಕ್ಟೆನ್ಸಿ, ಇನ್‌ಸ್ಟ್ರುಮೆಂಟಾಲಿಟಿ, ವೇಲೆನ್ಸ್ ಮೂರನ್ನೂ ಗುಣಿಸಬೇಕು. ಒಂದು ಸೊನ್ನೆಯಾದರೆ ಎಲ್ಲವೂ ಸೊನ್ನೆ. ಹೋದ ವರ್ಷ ನಾನು ಮಧ್ಯೆ ಪ್ಲಸ್ ಹಾಕಿ ಬಂದೆ, ಈಗಲೂ ಹೊಟ್ಟೆ ಉರಿಯುತ್ತದೆ.

ಮೆಕ್‌ಗ್ರೆಗರ್‌ನ ಎಕ್ಸ್, ವೈ ಥಿಯರಿ ಓದೋಕೆ ಹತ್ತು ನಿಮಿಷವೇ ಜಾಸ್ತಿ. ಟಕ್‌ಮನ್ 1965ರಲ್ಲಿ ತಂಡ ಬೆಳೆಯೋದಕ್ಕೆ ಹೇಳಿದ್ದು ನಾಲ್ಕು ಹಂತ, ಅಡ್ಜರ್ನಿಂಗ್ ಸೇರಿದ್ದು 1977ರಲ್ಲಿ. ಆ ಐದನೆಯದನ್ನು ಬಹಳ ಜನ ಬಿಟ್ಟು ಬರುತ್ತಾರೆ.

ಓದಿದ ಮೇಲೆ ಪುಸ್ತಕ ಮುಚ್ಚಿ, ಬಿಳಿ ಹಾಳೆಯಲ್ಲಿ ಚಿತ್ರ ಬರೆದು ನೋಡಿ. ಎಲ್ಲಿ ಪೆನ್ ನಿಲ್ಲುತ್ತೋ ಅಷ್ಟನ್ನೇ ಮತ್ತೆ ಓದಿ. ಮೂರು ಸಲ ಹಳದಿ ಗೆರೆ ಎಳೆಯುವುದಕ್ಕಿಂತ ಇದು ವಾಸಿ.

ಶನಿವಾರ ಸಂಜೆ ಆರಕ್ಕೆ ಹಾಸ್ಟೆಲ್ ಮಾಳಿಗೆ ಮೇಲೆ ಇರ್ತೀನಿ. ಡೌಟ್ ಇದ್ದವರು ಬನ್ನಿ, ಬರುವಾಗ ಒಗ್ಗರಣೆ ಮಿರ್ಚಿ ಕಟ್ಟಿಸಿಕೊಂಡು ಬನ್ನಿ.