ವಿಷಯ: ಎರಡು ದಿನದ ಸಮ್ಮೇಳನಕ್ಕೆ ಊಟ-ತಿಂಡಿಯ ದರಪಟ್ಟಿ

ಆಡಳಿತ ವಿಭಾಗದ ವ್ಯವಸ್ಥಾಪಕರಿಗೆ,
ವೈಟ್‌ಫೀಲ್ಡ್, ಬೆಂಗಳೂರು

ನಮಸ್ಕಾರ ಮೇಡಂ,

ನವೆಂಬರ್ 12 ಮತ್ತು 13ರ ನಿಮ್ಮ ಸಮ್ಮೇಳನಕ್ಕೆ, ದಿನಕ್ಕೆ 180 ಜನರ ಲೆಕ್ಕದಲ್ಲಿ ದರ ಕೊಟ್ಟಿದ್ದೇವೆ. ಎಲ್ಲವೂ ಸಸ್ಯಾಹಾರಿ. ತಿಂಡಿ, ಊಟ, ಎರಡು ಸಲ ಕಾಫಿ-ಟೀ ಸೇರಿದೆ.

ಮೊದಲನೆಯದು, ಒಬ್ಬರಿಗೆ ದಿನಕ್ಕೆ ₹620: ಬೆಳಿಗ್ಗೆ ಇಡ್ಲಿ, ವಡೆ, ಖಾರಾಬಾತ್, ಕೇಸರಿಬಾತ್. ಮಧ್ಯಾಹ್ನ ಚಪಾತಿ, ಸಾಗು, ಕೋಸಂಬರಿ, ಪಲ್ಯ, ಬಿಸಿಬೇಳೆಬಾತ್, ಅನ್ನ, ತಿಳಿಸಾರು, ಮೊಸರನ್ನ, ಹೋಳಿಗೆ. ಸಂಜೆ ಮದ್ದೂರು ವಡೆ. ಎರಡನೇ ದಿನ ಬಿಸಿಬೇಳೆಬಾತ್ ಬದಲು ವಾಂಗಿಬಾತ್, ಹೋಳಿಗೆ ಬದಲು ಶಾವಿಗೆ ಪಾಯಸ.

ಎರಡನೆಯದು ₹780: ಇದರ ಜೊತೆ ಸ್ಥಳದಲ್ಲೇ ಬಿಸಿ ದೋಸೆ, ರೋಟಿ, ಪನೀರ್ ಕರಿ, ಜೀರಾ ರೈಸ್. ಹೊರರಾಜ್ಯದವರು ಜಾಸ್ತಿ ಇದ್ದರೆ ಇದೇ ಒಳ್ಳೆಯದು. ಇಲ್ಲದಿದ್ದರೆ ಸುಮ್ನೆ ಖರ್ಚು, ಮೊದಲನೆಯದೇ ಸಾಕು.

ಎರಡೂ ದಿನ ಸೇರಿ ₹2,23,200 ಅಥವಾ ₹2,80,800. ಜಿಎಸ್‌ಟಿ ಶೇ 5 ಬೇರೆ. ಬಡಿಸುವವರು, ಸ್ಟೀಲ್ ತಟ್ಟೆ, ಸಾಗಣೆ ಇದರಲ್ಲೇ ಬಂತು.

ಒಪ್ಪಿಗೆ ಕೊಟ್ಟಾಗ ಶೇ 40 ಮುಂಗಡ, ಉಳಿದದ್ದು 13ರ ಸಂಜೆ. ಅಂತಿಮ ಸಂಖ್ಯೆ ನವೆಂಬರ್ 8ರೊಳಗೆ ತಿಳಿಸಿ. ಆಮೇಲೆ ಕಡಿಮೆಯಾದರೂ ಬಿಲ್ ಅಷ್ಟಕ್ಕೇ. ಹೆಚ್ಚಾದರೆ 15 ಜನರವರೆಗೆ ಸುಧಾರಿಸುತ್ತೇವೆ, ತಲೆಗೆ ಅದೇ ದರ. ಸಿಲಿಂಡರ್ ಒಳಗೆ ತರಲು ಕಟ್ಟಡದವರ ಅನುಮತಿ ನೀವೇ ಕೊಡಿಸಬೇಕು. ಅಡುಗೆ ಬಸವನಗುಡಿಯಲ್ಲಿ ಆಗುತ್ತದೆ. ಸಿಲ್ಕ್‌ಬೋರ್ಡ್ ಟ್ರಾಫಿಕ್ ಗೊತ್ತಲ್ವಾ, ಹಾಗಾಗಿ ಗಾಡಿ ಬೆಳಿಗ್ಗೆ 5ಕ್ಕೇ ಹೊರಡುತ್ತದೆ. ಗೇಟ್‌ನವರಿಗೆ ಮೊದಲೇ ಹೇಳಿಡಿ.

ಈ ದರ ಅಕ್ಟೋಬರ್ 25ರವರೆಗೆ. ರುಚಿ ನೋಡಲು ಯಾವ ಶನಿವಾರವಾದರೂ ಬನ್ನಿ, ನಾಲ್ವರಿಗೆ ಉಚಿತ.

ಇಂತಿ,
ಮಾಲೀಕರು, ಅಡುಗೆ ಗುತ್ತಿಗೆದಾರರು
ಬಸವನಗುಡಿ