ಕಾರ್ಖಾನೆ ಕಟ್ಟಡ ಐದು ತಿಂಗಳು ಖಾಲಿ ಇರುವ ಬಗ್ಗೆ ವಿಮಾ ಕಂಪನಿಗೆ ತಿಳುವಳಿಕೆ ಪತ್ರ

ದಿನಾಂಕ: 11 ಮೇ 2026

ಶಾಖಾ ವ್ಯವಸ್ಥಾಪಕರಿಗೆ,
ಬೆಂಕಿ ವಿಮೆ ವಿಭಾಗ

ವಿಷಯ: ರಟ್ಟಿನ ಪೆಟ್ಟಿಗೆ ಕಾರ್ಖಾನೆ ಕಟ್ಟಡ, ಬೆಂಕಿ ಪಾಲಿಸಿ ನಂ. 60418/2025, ಕಳ್ಳತನದ ಪಾಲಿಸಿ ನಂ. 60419/2025

ಮಾನ್ಯರೇ,

ಮೇಲಿನ ಪಾಲಿಸಿಗಳಲ್ಲಿರುವ ನಮ್ಮ ಕಟ್ಟಡ ಜೂನ್ 1ರಿಂದ ಅಕ್ಟೋಬರ್ 31ರವರೆಗೆ ಖಾಲಿ ಇರುತ್ತದೆ. ರಟ್ಟು ಮಾಡುವ ದೊಡ್ಡ ಮಷಿನ್ ಪೂರ್ತಿ ಬಿಚ್ಚಿ ರಿಪೇರಿಗೆ ಕಳಿಸುತ್ತಿದ್ದೇವೆ. ಅದಿಲ್ಲದೆ ಇಲ್ಲಿ ಕೆಲಸ ನಡೆಯುವುದಿಲ್ಲ. 34 ಕೆಲಸಗಾರರೂ ಅಲ್ಲಿಯವರೆಗೆ ನಮ್ಮ ಇನ್ನೊಂದು ಯೂನಿಟ್‌ಗೆ ಹೋಗುತ್ತಾರೆ. ನವೆಂಬರ್ 2ಕ್ಕೆ ಮತ್ತೆ ಶುರು ಮಾಡುವ ಯೋಚನೆ ಇದೆ.

ಕಟ್ಟಡ 30 ದಿನಕ್ಕಿಂತ ಜಾಸ್ತಿ ಖಾಲಿ ಇದ್ದರೆ, ನಿಮ್ಮ ಒಪ್ಪಿಗೆ ಮೊದಲೇ ಪಡೆಯದಿದ್ದಲ್ಲಿ ರಕ್ಷಣೆ ನಿಲ್ಲುತ್ತದೆ ಎಂದು ನಮ್ಮ ಬೆಂಕಿ ಪಾಲಿಸಿಯ ಷರತ್ತು ಹೇಳುತ್ತದೆ. ಅದಕ್ಕೇ ಮೂರು ವಾರ ಮುಂಚೆ ಬರೆಯುತ್ತಿದ್ದೇನೆ. ಗೇಟಿನಲ್ಲಿ ಹಗಲೂ ರಾತ್ರಿಯೂ ವಾಚ್‌ಮನ್ ಇರುತ್ತಾರೆ, ನಿಜ. ಆದರೆ ಗೇಟಿನಲ್ಲಿ ಒಬ್ಬರು ಕೂತ ಮಾತ್ರಕ್ಕೆ ಒಳಗೆ ಕೆಲಸ ನಡೆದ ಹಾಗೆ ಆಗುವುದಿಲ್ಲ ಅಲ್ವಾ? ಆ ವಾದ ಹಿಡಿದುಕೊಂಡು ನಾನು ಸುಮ್ನೆ ಕೂರಲಾರೆ.

ಬೆಂಕಿಗೆ ಮೇವಾಗುವಂಥದ್ದನ್ನು ಮೇ 30ರೊಳಗೆ ಹೊರಗೆ ಸಾಗಿಸುತ್ತೇವೆ: ಕಾಗದದ ರೋಲ್‌ಗಳು, ಕಟಿಂಗ್ ಚೂರು, ಇಂಕ್, ಜನರೇಟರಿನ ಡೀಸೆಲ್. ಮೇನ್ ಸ್ವಿಚ್ ಆಫ್ ಮಾಡಿ ಬೀಗ ಹಾಕುತ್ತೇವೆ. ಫೈರ್ ಪಂಪ್, ಹೊಗೆ ಅಲಾರಂ ಮತ್ತು ಕ್ಯಾಮೆರಾಗಳ ಲೈನ್ ಬೇರೆಯದು, ಅದು ಚಾಲೂ ಇರುತ್ತದೆ. ಸ್ಪ್ರಿಂಕ್ಲರ್ ವಾಲ್ವ್ ತೆರೆದೇ ಇರುತ್ತದೆ, ಟ್ಯಾಂಕ್ ತುಂಬಿರುತ್ತದೆ. ನಮ್ಮ ಸೂಪರ್‌ವೈಸರ್ ವಾರಕ್ಕೆ ಎರಡು ಸಲ ಬೀಗ ತೆಗೆದು ಒಳಗೆಲ್ಲ ಸುತ್ತಿ, ಪುಸ್ತಕದಲ್ಲಿ ಸಮಯ ಬರೆದು ಸಹಿ ಮಾಡುತ್ತಾರೆ.

ಎರಡು ವಿಷಯ ನಿಮ್ಮಿಂದ ಮುಚ್ಚಿಡುವುದಿಲ್ಲ. ಹಿಂದಿನ ಗೋಡೆಯ ವೆಂಟಿಲೇಟರ್ ಗಾಜು ಒಡೆದು ಕೈ ತೂರುವಷ್ಟು ಸಂದಿ ಆಗಿತ್ತು. ಅದಕ್ಕೆ ಈಗ ಕಬ್ಬಿಣದ ಜಾಲರಿ ಹೊಡೆಸಿದ್ದೇವೆ. ಕಳೆದ ಸಲ ಹತ್ತು ದಿನ ರಜೆ ಕೊಟ್ಟು ಬಂದು ನೋಡಿದರೆ, ಪ್ಯಾನೆಲ್ ಬೋರ್ಡಿನ ಕೆಳಗೆ ಇಲಿ ವೈರ್ ಕಡಿದು ತಾಮ್ರ ಹೊಳೆಯುತ್ತಿತ್ತು. ಆ ವೈರ್ ಬದಲಾಯಿಸಿ, ಕೇಬಲ್ ಬರುವ ತೂತುಗಳನ್ನು ಮುಚ್ಚಿಸಿದ್ದೇವೆ. ಹತ್ತು ದಿನಕ್ಕೇ ಹಾಗಾದರೆ ಐದು ತಿಂಗಳಿಗೆ ಏನಾಗಬಹುದು ಎಂಬ ಭಯ ನನಗೂ ಇದೆ.

ಎರಡೂ ಪಾಲಿಸಿಗಳಲ್ಲಿ ಈ ಅವಧಿಗೆ ರಕ್ಷಣೆ ಮುಂದುವರಿಸಿ, ಮೇ 31ರೊಳಗೆ ಎಂಡೋರ್ಸ್‌ಮೆಂಟ್ ಕೊಡಬೇಕೆಂದು ಕೋರುತ್ತೇನೆ. ಫೋನಿನಲ್ಲಿ ಸರಿ ಎಂದರೆ ಸಾಲದು, ಲಿಖಿತವಾಗಿಯೇ ಬೇಕು. ಹೆಚ್ಚಿನ ಪ್ರೀಮಿಯಂ ಅಥವಾ ಬೇರೆ ಷರತ್ತು ಇದ್ದರೆ ಬೇಗ ತಿಳಿಸಿ. ಮಷಿನ್ ರಿಪೇರಿಯ ಜಾಗದಲ್ಲಿ ಇರುವಾಗ, ದಾರಿಯಲ್ಲಿ ಸಾಗುವಾಗ ಈ ಪಾಲಿಸಿ ಅನ್ವಯಿಸುತ್ತದೆಯೇ, ಬೇರೆ ಪಾಲಿಸಿ ಬೇಕೇ ಎಂಬುದನ್ನೂ ಹೇಳಿ. ನಿಮ್ಮ ಸರ್ವೇಯರ್ ಬಂದು ನೋಡುವುದಾದರೆ ಯಾವ ದಿನವಾದರೂ ಸರಿ, ನಾನೇ ಬೀಗದ ಕೈ ಹಿಡಿದು ಬರುತ್ತೇನೆ.

ಮಷಿನ್ ತಡವಾಗಿ ಬಂದರೆ ಅಕ್ಟೋಬರ್ 15ರೊಳಗೆ ಮತ್ತೆ ಬರೆಯುತ್ತೇನೆ. ಈ ಪತ್ರ ತಲುಪಿದ್ದಕ್ಕೆ ನಕಲಿನ ಮೇಲೆ ಸೀಲು, ದಿನಾಂಕ ಹಾಕಿ ಕೊಡಿ.

ಇಂತಿ ನಿಮ್ಮ ವಿಶ್ವಾಸಿ,
ಪಾಲಿಸಿದಾರ ಮತ್ತು ಕಾರ್ಖಾನೆ ಮಾಲೀಕ

ಲಗತ್ತು: ಎರಡೂ ಪಾಲಿಸಿಗಳ ನಕಲು, ಕಟ್ಟಡದ ನಕ್ಷೆ, ಜಾಲರಿ ಮತ್ತು ಪ್ಯಾನೆಲ್ ಬೋರ್ಡಿನ ಫೋಟೊಗಳು

ಪ್ರತಿ: ಕಟ್ಟಡದ ಮೇಲೆ ಸಾಲ ಕೊಟ್ಟಿರುವ ಬ್ಯಾಂಕಿಗೆ