ಮೊದಲ ಸಂಬಳ, 19ನೇ ತಾರೀಖಿಗೇ ಖಾಲಿ ಜೇಬು

1/ ನಮ್ಮ ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ಮೊನ್ನೆ 19ನೇ ತಾರೀಖು ಐನೂರು ರೂಪಾಯಿ ಸಾಲ ಕೇಳಿದ. ಕೈಗೆ ಬರುವ ಸಂಬಳ 27 ಸಾವಿರ. ಬಿಟಿಎಂ ಲೇಔಟಿನ ಪಿಜಿಗೆ 9 ಸಾವಿರ. ಉಳಿದದ್ದು? "ಎಲ್ಲಿ ಹೋಯ್ತೋ ಗೊತ್ತಿಲ್ಲ ಅಕ್ಕ." ಏಳು ವರ್ಷದ ಹಿಂದೆ ನನ್ನ ಕಥೆಯೂ ಇದೇ. ಅವನಿಗೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ.

2/ ಇಬ್ಬರೂ ಕ್ಯಾಂಟೀನಲ್ಲಿ ಕೂತು ಅವನ ಯುಪಿಐ ಪಟ್ಟಿ ನೋಡಿದೆವು. ಒಂದೇ ತಿಂಗಳಲ್ಲಿ 14 ಸಲ ರಾತ್ರಿ ಊಟ ಆರ್ಡರ್. ಸರಾಸರಿ 230 ಅಂದರೂ 3,220 ರೂಪಾಯಿ! ಪಿಜಿಯಲ್ಲಿ ಊಟ ಸೇರಿಸಿಯೇ ಬಾಡಿಗೆ ಕಟ್ಟುತ್ತಾನೆ. ಸಾರು ನೀರು ನೀರಾಗಿರುತ್ತದಂತೆ. ಇರಬಹುದು ಬಿಡಿ, ನಾನೂ ಪಿಜಿಯಲ್ಲಿ ಇದ್ದವಳೇ. ಪೂರ್ತಿ ನಿಲ್ಲಿಸು ಅನ್ನಲಿಲ್ಲ. ಶುಕ್ರವಾರ ಒಂದು ಆರ್ಡರ್, ಭಾನುವಾರ ಒಂದು. ಮಧ್ಯೆ ನಾಲಿಗೆ ಕೇಳಿದರೆ ದರ್ಶಿನಿಯಲ್ಲಿ ನಿಂತು ಒಂದು ದೋಸೆ. ಫಿಲ್ಟರ್ ಕಾಫಿ ಬಿಡಿ ಅಂತ ಮಾತ್ರ ನಾನು ಯಾರಿಗೂ ಹೇಳಲ್ಲ.

3/ ತಿಂಗಳ ಕೊನೆಗೆ ಉಳಿದದ್ದನ್ನು ಉಳಿಸೋಣ ಅಂದರೆ ಏನೂ ಉಳಿಯಲ್ಲ. ಸಂಬಳ 1ಕ್ಕೆ ಬಂದರೆ 2ಕ್ಕೇ 4 ಸಾವಿರ ತಾನಾಗಿ ಆರ್‌ಡಿಗೆ, ಅಂದರೆ ಬ್ಯಾಂಕಲ್ಲಿ ತಿಂಗಳು ತಿಂಗಳು ಕಟ್ಟುವ ಠೇವಣಿಗೆ ಹೋಗಲಿ. ತುರ್ತಿಗೆ ಇಡುವ ದುಡ್ಡಿಗೆ ಬೇರೆ ಖಾತೆ. ಅದನ್ನು ಯುಪಿಐಗೆ ಜೋಡಿಸಲೇಬೇಡಿ. ಅಮ್ಮ ಸಾಸಿವೆ ಡಬ್ಬಿಯಲ್ಲಿ ದುಡ್ಡು ಬಚ್ಚಿಡುತ್ತಿದ್ದರಲ್ವಾ, ಅದೇ ಲೆಕ್ಕ. ಮೊದಲ ಗುರಿ: ಮೂರು ತಿಂಗಳ ಬಾಡಿಗೆ, ಊಟದ ಖರ್ಚು.

4/ ಓಡಾಟ. ಮೆಟ್ರೋ ಸ್ಮಾರ್ಟ್ ಕಾರ್ಡ್ ಮಾಡಿಸಿ, ದರದಲ್ಲಿ ರಿಯಾಯಿತಿ ಸಿಗುತ್ತದೆ. ಹುಡುಗಿಯರೇ, ಶಕ್ತಿ ಯೋಜನೆಯಿಂದ ಬಿಎಂಟಿಸಿಯ ಸಾಮಾನ್ಯ ಬಸ್ಸು ಉಚಿತ. ಎಸಿ ವಜ್ರ ಇದರಲ್ಲಿ ಬರಲ್ಲ.

5/ ಇದು ನಾನೇ ತಿಂದ ಪೆಟ್ಟು. ಮೊದಲ ಕ್ರೆಡಿಟ್ ಕಾರ್ಡಲ್ಲಿ 32 ಸಾವಿರದ ಫೋನ್ ತಗೊಂಡೆ. ಬಿಲ್ಲಲ್ಲಿ 'ಮಿನಿಮಮ್ ಡ್ಯೂ' ಅಂತ ಚಿಕ್ಕ ಮೊತ್ತ ಕಂಡಿತು. ಐದು ತಿಂಗಳು ಅಷ್ಟೇ ಕಟ್ಟುತ್ತಾ ಹೋದೆ. ಬಡ್ಡಿ ತಿಂಗಳಿಗೆ 3.5%, ಅಂದರೆ ವರ್ಷಕ್ಕೆ 42%! ಅಸಲು ಹೆಚ್ಚುಕಮ್ಮಿ ಇದ್ದಲ್ಲೇ ಇತ್ತು. ಪೂರ್ತಿ ಬಿಲ್ ಕಟ್ಟೋಕೆ ಆಗದಿದ್ದರೆ ಕಾರ್ಡ್ ಮುಟ್ಟಬೇಡಿ.

6/ ಪೇಸ್ಲಿಪ್ಪಲ್ಲಿ ಪಿಎಫ್ ಕಡಿತ ನೋಡಿ ಬೇಜಾರಾಗಬೇಡಿ, ಕಂಪನಿಯೂ ಅದಕ್ಕೆ ತನ್ನ ಪಾಲು ಹಾಕುತ್ತದೆ. ಕೆಲಸ ಬಿಟ್ಟಾಗ ಆ ದುಡ್ಡು ತೆಗೆದು ಗೋವಾಕ್ಕೆ ಹೋಗೋದು ಬೇಡ. ನಿಮ್ಮ ಪಿಎಫ್‌ನ ಯುಎಎನ್ ನಂಬರನ್ನೇ ಹೊಸ ಕಂಪನಿಗೆ ಕೊಟ್ಟು ವರ್ಗಾಯಿಸಿಕೊಳ್ಳಿ.

7/ ಆ ಐನೂರು ಕೊಟ್ಟೆನಾ? ಕೊಟ್ಟೆ. 1ನೇ ತಾರೀಖು ವಾಪಸ್ ಕೊಡುವಾಗ ಆರ್‌ಡಿ ಶುರು ಮಾಡಿದ ಸ್ಕ್ರೀನ್‌ಶಾಟನ್ನೂ ತೋರಿಸಬೇಕು ಅಂದಿದ್ದೇನೆ. ನೋಡೋಣ.